ಭಾನುವಾರ ಫೈನಲ್, ಹುಡುಗರಿಗೆ ಏನು ಹೇಳಲಿ? ಸಿಗೋದು ಎರಡೇ ನಿಮಿಷ

ಉದ್ದ ತೋಳಿನ ಸ್ವೆಟರ್

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಕಡೆಯ ಒಂದು ಡಿಗ್ರಿ ಕಾಲೇಜಿನ ಟೀಮಿಗೆ ಈ ವರ್ಷ ನಾನೇ ಕ್ಯಾಪ್ಟನ್. ಆಫ್ ಸ್ಪಿನ್ ಹಾಕ್ತೀನಿ, ಏಳನೇ ನಂಬರಲ್ಲಿ ಬ್ಯಾಟಿಂಗ್. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಇಂಟರ್ ಕಾಲೇಜ್ ಫೈನಲ್, 30 ಓವರ್, ಮ್ಯಾಟ್ ಮೇಲೆ.

ನಾನು ಜಾಸ್ತಿ ಮಾತಾಡುವವನಲ್ಲ. ಸೆಮಿಫೈನಲ್ ತನಕ ಮ್ಯಾಚಿಗೆ ಮುಂಚೆ ಎಲ್ಲರೂ ವೃತ್ತ ಕಟ್ಟಿ ನಿಂತಾಗ ನಮ್ಮ ಪಿ.ಇ. ಸರ್ರೇ ಮಾತಾಡ್ತಿದ್ದರು, ಹದಿನೈದು ನಿಮಿಷಕ್ಕೆ ಕಡಿಮೆ ಇಲ್ಲ. ಈ ಸಲ ಅವರೇ "ನೀನೇ ಮಾತಾಡು, ಎರಡು ನಿಮಿಷ" ಅಂದುಬಿಟ್ಟಿದ್ದಾರೆ. ಹೋದ ವರ್ಷವೂ ಫೈನಲ್ ಆಡಿದ್ವಿ. ಮೊದಲ ಐದು ಓವರಲ್ಲಿ ಮೂರು ಕ್ಯಾಚ್ ಬಿಟ್ಟು ಅಲ್ಲೇ ಕಳೆದುಕೊಂಡ್ವಿ. ಹುಡುಗರ ತಲೆಯಲ್ಲಿ ಅದು ಇನ್ನೂ ಇದೆ.

ನಿನ್ನೆ ರಾತ್ರಿ ಒಂದು ಪುಟ ಬರೆದೆ. ಕಾಲೇಜಿನ ಮರ್ಯಾದೆ, ಫೈನಲ್ ಇಯರ್‌ನವರಿಗೆ ಇದೇ ಕೊನೇ ಮ್ಯಾಚ್, ಹೋದ ವರ್ಷದ ಸೇಡು, ಎಕ್ಸ್‌ಟ್ರಾ ಕೊಡಬೇಡಿ, ಕ್ಯಾಚ್ ಬಿಡಬೇಡಿ. ರೂಮ್‌ಮೇಟ್ ಓದಿ ನಕ್ಕ. ಏನು ಮಾಡಲಿ?

ಬೆಣ್ಣೆದೋಸೆ

ಭಾಷಣ ಚೆನ್ನಾಗಿ ಬರಬೇಕು ಅಂದ್ರೆ ಮೊದಲು ವೇದಿಕೆ ಮೇಲಿರುವವರಿಗೆ ವಂದನೆ ಹೇಳಿ, ಆಮೇಲೆ ಒಂದು ವಚನದಿಂದ ಶುರು ಮಾಡಿ. ನಾನು ಮೂರು ಸಲ ಪ್ರೈಜ್ ತಗೊಂಡಿದ್ದೀನಿ.

ಚಿಗುರು ಮೀಸೆ

@ಬೆಣ್ಣೆದೋಸೆ ಗುರು, ಇದು ಕ್ರಿಕೆಟ್ ಫೈನಲ್ಲು, ಭಾಷಣ ಸ್ಪರ್ಧೆ ಅಲ್ಲ 😂

ಬೆಣ್ಣೆದೋಸೆ

ಓಹ್. ಟೈಟಲ್ ಮಾತ್ರ ಓದಿದ್ದೆ.

ರೇಡಿಯೋ ರಾಯರು

ತಮ್ಮಾ, ಒಂದು ಪುಟ ಎಲ್ಲ ಬೇಡ. 1983ರಲ್ಲಿ ಲಾರ್ಡ್ಸ್ ಫೈನಲ್ ದಿನ ಬೆಳಿಗ್ಗೆ ಮ್ಯಾಚ್ ಶುರುವಾಗೋಕೆ ಮುಂಚೆ ಕಪಿಲ್ ದೇವ್ ಎರಡೇ ಮಾತು ಹೇಳಿದ್ದು, ಹುಡುಗರು ಎದ್ದು ನಿಂತರು. ನಮ್ಮ ಕಿರ್ಮಾನಿ, ಬಿನ್ನಿ ಇಬ್ಬರೂ ಇದ್ದರು ಆ ಟೀಮಲ್ಲಿ. ಎರಡು ಮಾತು ಸಾಕು, ಆದರೆ ಬೆಂಕಿ ಇರಬೇಕು.

ಗಂಗೋತ್ರಿ ಹಳಬ

ರಾಯರೇ, ಒಂದು ತಿದ್ದುಪಡಿ. ಜನ ನೆನೆಸಿಕೊಳ್ಳುವ ಆ ಮಾತು ಬೆಳಿಗ್ಗೆದಲ್ಲ. ನಮ್ಮವರು 183ಕ್ಕೆ ಆಲೌಟ್ ಆದ ಮೇಲೆ, ಫೀಲ್ಡಿಂಗಿಗೆ ಇಳಿಯುವ ಮುಂಚಿನದು. ಆಗಿನ ಕಾಲದ 60 ಓವರ್ ಮ್ಯಾಚ್, ಎದುರಿಗೆ ವೆಸ್ಟ್ ಇಂಡೀಸ್. ಅವರನ್ನು 140ಕ್ಕೆ ಮುಗಿಸಿ 43 ರನ್‌ನಿಂದ ಗೆದ್ದಿದ್ದು ನಿಮಗೆ ಗೊತ್ತೇ ಇದೆ. ಇನ್ನೊಂದು ಮಜಾ ಅಂದ್ರೆ, ಆ ಟೀಮಿನವರೇ ಆ ಮಾತನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ.

ಇದನ್ನು ಯಾಕೆ ಹೇಳಿದೆ ಅಂದ್ರೆ, @ಸ್ವೆಟರ್, ನಿನ್ನ ಎರಡು ನಿಮಿಷ ಯಾವಾಗ ಅನ್ನೋದು ಏನು ಹೇಳ್ತೀಯ ಅನ್ನೋದಕ್ಕಿಂತ ಮೊದಲು ಗೊತ್ತಾಗಬೇಕು. ನಾನು ಮೈಸೂರು ಯೂನಿವರ್ಸಿಟಿ ಗ್ರೌಂಡಲ್ಲಿ ಆಡಿದವನು, ಈಗ ಹತ್ತು ವರ್ಷದಿಂದ ಹುಡುಗರಿಗೆ ಕೋಚಿಂಗ್ ಮಾಡ್ತಿದ್ದೀನಿ. ಟಾಸ್‌ಗೆ ಮುಂಚೆ ಮಾತಾಡಿದರೆ ಅರ್ಧ ಮಾತು ವೇಸ್ಟ್. ಬ್ಯಾಟಿಂಗೋ ಬೌಲಿಂಗೋ ಗೊತ್ತಿಲ್ಲದೆ ಹೇಳಿದ್ದು ಯಾರ ತಲೆಗೂ ಇಳಿಯಲ್ಲ. ನಿಯಮದ ಪ್ರಕಾರ ಟಾಸ್ ಆಗೋದು ಆಟಕ್ಕೆ ಅರ್ಧ ಗಂಟೆಯಿಂದ ಕಾಲು ಗಂಟೆ ಮುಂಚೆ. ಅಂದ್ರೆ ನಿನಗೆ ಒಂಬತ್ತರಿಂದ ಒಂಬತ್ತೂಕಾಲರ ಒಳಗೆ ಗೊತ್ತಾಗುತ್ತೆ. ಒಂಬತ್ತೂ ಇಪ್ಪತ್ತಕ್ಕೆ ಮಾತಾಡು.

ಟಾಸ್‌ನಲ್ಲಿ ಏನಾದರೂ ಆಗಬಹುದು, ಅದಕ್ಕೆ ಎರಡು ಮಾತು ಇಟ್ಟುಕೊಂಡಿರು. ಫೀಲ್ಡಿಂಗ್ ಆದರೆ ಹನ್ನೊಂದು ಜನರೂ ಜೊತೆಗೆ ಇಳಿಯುತ್ತೀರಿ, ವೃತ್ತ ಕಟ್ಟಿ ಮಾತಾಡೋದಕ್ಕೆ ಅರ್ಥ ಇದೆ. ಬ್ಯಾಟಿಂಗ್ ಆದರೆ ಓಪನರ್ ಇಬ್ಬರು ಪ್ಯಾಡ್ ಕಟ್ಟುತ್ತಾ ಕೂತಿರುತ್ತಾರೆ. ಅವರನ್ನು ಎಬ್ಬಿಸಿಕೊಂಡು ಬಂದು ನಿಲ್ಲಿಸಬೇಡ. ಅವರ ಪಕ್ಕ ಹೋಗಿ ಕೂತು ಒಂದು ಮಾತು ಹೇಳಿ ಎದ್ದು ಬಾ, ಮಿಕ್ಕವರ ಜೊತೆ ಬೇರೆ ಮಾತಾಡು.

ಪಾಯಿಂಟ್ ಫೀಲ್ಡರ್

ಇಷ್ಟೆಲ್ಲ ಲೆಕ್ಕಾಚಾರ ಮಾಡಿದರೆ ಜೋಶ್ ಎಲ್ಲಿಂದ ಬರುತ್ತೆ? ಫೈನಲ್ ಅಂದ್ರೆ ರಕ್ತ ಕುದಿಯಬೇಕು ಮಗಾ. ಸೇಡು ಅಂತ ಬರೆದಿದ್ದೀಯಲ್ಲ, ಅದೇ ಸರಿ. ಅದನ್ನೇ ಹೇಳು.

ಗಂಗೋತ್ರಿ ಹಳಬ

@ಪಾಯಿಂಟ್ ರಕ್ತ ಕುದಿಸಿ ನಾನೇ ನೋಡಿದ್ದೀನಪ್ಪ. ನನ್ನ ಕೈಯಲ್ಲಿ ಒಬ್ಬ ಫಾಸ್ಟ್ ಬೌಲರ್ ಇದ್ದ, ಲೈನ್ ಲೆಂಗ್ತ್ ಎರಡೂ ಗಡಿಯಾರದ ಥರ. ಒಂದು ಟೂರ್ನಮೆಂಟ್ ಫೈನಲ್‌ಗೆ ಮುಂಚೆ ನಾವೆಲ್ಲ ಸೇರಿ ಕೂಗಾಡಿ ಕಳಿಸಿದ್ವಿ. ಆ ಹುಡುಗ ರನ್ ಅಪ್‌ನಲ್ಲಿ ದಿನಕ್ಕಿಂತ ಜೋರಾಗಿ ಓಡಿಬಂದ, ಹೆಜ್ಜೆ ಉದ್ದ ಆಯ್ತು, ಮೊದಲ ಓವರಲ್ಲೇ ಎರಡು ನೋಬಾಲ್. ಮೂರನೇ ನೋಬಾಲ್ ಹೆದರಿಕೆಗೆ ಆಮೇಲೆ ಹಿಂದಿನಿಂದಲೇ ಹಾಕೋಕೆ ಶುರು ಮಾಡಿದ, ಎಲ್ಲ ಶಾರ್ಟ್ ಬಿದ್ದವು. ಮ್ಯಾಟ್ ಮೇಲೆ ಶಾರ್ಟ್ ಹಾಕಿದರೆ ಚೆಂಡು ತಲೆ ಮೇಲೆ ಹೋಗುತ್ತೆ, ಕೀಪರ್‌ಗೂ ಸಿಗಲ್ಲ. ಎರಡು ಓವರಿಗೆ 26. ಅವನ ತಪ್ಪಲ್ಲ, ನಮ್ಮದು.

ಫೈನಲ್ ದಿನ ಹುಡುಗರಿಗೆ ಜೋಶ್ ಕಡಿಮೆ ಇರಲ್ಲ, ಜಾಸ್ತಿ ಇರುತ್ತೆ. ಅದನ್ನು ಸ್ವಲ್ಪ ಇಳಿಸೋದೇ ಕ್ಯಾಪ್ಟನ್ ಕೆಲಸ. ಲೀಗ್ ಮ್ಯಾಚ್ ಆಗಿ, ಎದುರಿಗೆ ಸಪ್ಪೆ ಟೀಮ್ ಇದ್ದು, ನಿಮ್ಮವರು ಆಕಳಿಸ್ತಾ ನಿಂತಿದ್ದರೆ ಆಗ ಕೂಗು, ಬೇಡ ಅನ್ನಲ್ಲ.

ಪಾಯಿಂಟ್ ಫೀಲ್ಡರ್

ಎಲ್ಲರೂ ಒಂದೇ ಥರ ಇರಲ್ಲ ಸರ್. ನನಗೆ ಯಾರಾದರೂ ಬೈದರೇ ಚೆನ್ನಾಗಿ ಆಡೋದು.

ಕಬಡ್ಡಿ ಅಕ್ಕ

ಕ್ರಿಕೆಟ್ ಗೊತ್ತಿಲ್ಲ ನಂಗೆ, ಆದರೂ ಹೇಳ್ತೀನಿ. ನಾನು ಕಾಲೇಜಲ್ಲಿ ಮೂರು ವರ್ಷ ಕಬಡ್ಡಿ ಕ್ಯಾಪ್ಟನ್. ಪಾಯಿಂಟ್ ಫೀಲ್ಡರ್ ಹೇಳಿದ್ದು ಸರಿ, ಬೈದರೆ ಆಡುವವರೂ ಇರ್ತಾರೆ. ಆದರೆ ಅವರನ್ನು ಪಕ್ಕಕ್ಕೆ ಕರೆದು ಬೈಬೇಕು. ನಮ್ಮ ರೈಡರ್ ಒಬ್ಬಳಿಗೆ ಭುಜಕ್ಕೆ ಹೊಡೆದು ಕಳಿಸಬೇಕಿತ್ತು. ಇನ್ನೊಬ್ಬಳಿಗೆ ಹಾಗೆ ಮಾಡಿದರೆ ಅಳು. ಎಲ್ಲರ ಎದುರು ಒಂದೇ ಡೋಸ್ ಕೊಟ್ಟರೆ ಅರ್ಧ ಜನಕ್ಕೆ ಉಲ್ಟಾ ಹೊಡೆಯುತ್ತೆ. ವಾರ್ಮ್‌ಅಪ್ ಮಾಡುವಾಗ ನೋಡ್ತಾ ಇರು ತಮ್ಮ, ಯಾರು ಸುಮ್ ಸುಮ್ನೆ ನಗ್ತಿದ್ದಾರೆ, ಯಾರು ಶೂ ಲೇಸ್ ನಾಲ್ಕು ಸಲ ಕಟ್ತಿದ್ದಾರೆ, ಯಾರು ಪದೇ ಪದೇ ಬಾತ್‌ರೂಮಿಗೆ ಹೋಗ್ತಿದ್ದಾರೆ. ಅವರ ಹತ್ರ ಹೋಗಿ ಮ್ಯಾಚ್ ಬಿಟ್ಟು ಬೇರೆ ಏನಾದರೂ ಮಾತಾಡು. ಬೆಳಿಗ್ಗೆ ಏನು ತಿಂಡಿ ತಿಂದೆ ಅಂತ ಕೇಳಿದರೂ ಸಾಕು.

ಬೆಣ್ಣೆದೋಸೆ

ದಾವಣಗೆರೆ ಅಂದ ಮೇಲೆ ತಿಂಡಿ ಏನು ಅಂತ ಕೇಳಬೇಕಾ?

ಚಿಗುರು ಮೀಸೆ

ಮ್ಯಾಚ್ ದಿನ ಬೆಣ್ಣೆದೋಸೆ ತಿಂದು ಬೌಲಿಂಗ್ ಮಾಡಿ ನೋಡು, ಮೂರನೇ ಓವರಿಗೆ ಗೊತ್ತಾಗುತ್ತೆ. ಇಡ್ಲಿ ಸಾಕು.

ಹನ್ನೆರಡನೆಯವನು

ಯಾರೂ ಹೇಳದ ಒಂದು ವಿಷಯ ಹೇಳ್ತೀನಿ. ನಾನು ಕಾಲೇಜು ಟೀಮಲ್ಲಿ ಇದ್ದಾಗ ಒಂದು ಫೈನಲ್‌ಗೆ ನಮ್ಮ ಕ್ಯಾಪ್ಟನ್ ವೃತ್ತದಲ್ಲಿ ನಿಂತು ಹನ್ನೊಂದು ಹೆಸರು ಓದಿದ. ನನ್ನ ಹೆಸರಿಲ್ಲ. ಲೀಗ್ ಪೂರ್ತಿ ಆಡಿದ್ದೆ. ಎಲ್ಲರ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿದ್ದವನಿಗೆ ಆ ಕೈ ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ. ಆಮೇಲೆ ಅವನು ಏನು ಹೇಳಿದನೋ ಒಂದಕ್ಷರ ಕೇಳಿಸಿಲ್ಲ. ಎರಡು ಗಂಟೆ ಆದ ಮೇಲೆ ಒಬ್ಬನಿಗೆ ಕಾಲು ಉಳುಕಿ ನನ್ನನ್ನೇ ಫೀಲ್ಡಿಂಗಿಗೆ ಕಳಿಸಿದರು. ನನ್ನ ಕೈಗೆ ಬಂದ ಕ್ಯಾಚ್ ಬಿಟ್ಟೆ. ಬೇಕು ಅಂತ ಅಲ್ಲ, ತಲೆ ಅಲ್ಲಿರಲಿಲ್ಲ.

ಯಾರು ಆಡಲ್ಲ ಅನ್ನೋದನ್ನ ಹಿಂದಿನ ಸಂಜೆಯೇ ಅವರವರಿಗೆ ಒಬ್ಬೊಬ್ಬರಾಗಿ ಹೇಳಿಬಿಡಿ. ಬೇಜಾರಾಗುತ್ತೆ, ರಾತ್ರಿ ಬೈಕೊಳ್ತಾರೆ, ಬೆಳಿಗ್ಗೆ ಸರಿಹೋಗ್ತಾರೆ.

ಗಂಗೋತ್ರಿ ಹಳಬ

ಇದು ನೂರಕ್ಕೆ ನೂರು. ಟಾಸ್‌ಗೆ ಮುಂಚೆ ಹನ್ನೊಂದು ಹೆಸರು ಹೇಗಿದ್ದರೂ ಬರೆದುಕೊಡಲೇಬೇಕು, ಅಂದ್ರೆ ಬೆಳಿಗ್ಗೆ ತನಕ ಎಳೆಯೋದಕ್ಕೆ ಕಾರಣವೇ ಇಲ್ಲ. ಮಳೆ ಬಂದು ಒಬ್ಬ ಸ್ಪಿನ್ನರ್ ಬಿಡಬೇಕಾಗಬಹುದು ಅಂತಿದ್ದರೆ ಆ ಇಬ್ಬರಿಗೆ ಮಾತ್ರ "ಬೆಳಿಗ್ಗೆ ನೋಡೋಣ" ಅನ್ನು.

ಉದ್ದ ತೋಳಿನ ಸ್ವೆಟರ್

ಥ್ಯಾಂಕ್ಸ್ ಎಲ್ಲರಿಗೂ. ಹನ್ನೆರಡನೆಯವರೇ, ನಾನೂ ವೃತ್ತದಲ್ಲೇ ಹೆಸರು ಓದಬೇಕು ಅಂತಿದ್ದೆ. ಶನಿವಾರ ಸಂಜೆ ನೆಟ್ಸ್ ಮುಗಿದ ಮೇಲೆ ನಾಲ್ಕು ಜನಕ್ಕೂ ಬೇರೆ ಬೇರೆ ಹೇಳ್ತೀನಿ.

ಪುಟ ಹರಿದು ಮತ್ತೆ ಬರೆದೆ. ಫೀಲ್ಡಿಂಗ್ ಬಂದರೆ ಇದು: "ಹೋದ ವರ್ಷದ ಥರ ಕ್ಯಾಚ್ ಬಿಡಬೇಡಿ. ವೈಡ್ ಬೇಡ, ನೋಬಾಲ್ ಬೇಡ. ಯಾರೂ ತಲೆ ತಗ್ಗಿಸಬಾರದು. ನೂರಕ್ಕೆ ನೂರು ಕೊಡೋಣ." ಹೇಗಿದೆ?

ಚಿಗುರು ಮೀಸೆ

ಚಿಕ್ಕದಾಯ್ತು 👍

ಗಂಗೋತ್ರಿ ಹಳಬ

ಚಿಕ್ಕದಾಯ್ತು, ಆದರೆ ಬರೀ ಬೇಡ ಬೇಡ ಅಂತಲೇ ಇದೆಯಲ್ಲೋ. ವೈಡ್ ಹಾಕಬೇಡ ಅಂದ ತಕ್ಷಣ ಬೌಲರ್ ತಲೆಯಲ್ಲಿ ಬಂದು ಕೂರೋದು ವೈಡೇ. ಏನು ಮಾಡಬಾರದು ಅಂತ ಹೇಳಿದೆ, ಏನು ಮಾಡಬೇಕು ಅಂತ ಹೇಳಿಲ್ಲ. ಮತ್ತೆ ಹೋದ ವರ್ಷ ಮೊದಲ ಮಾತಲ್ಲೇ ಬಂತು. ಆ ಮೂರು ಕ್ಯಾಚ್ ಬಿಟ್ಟವರು ಟೀಮಲ್ಲಿ ಇದ್ದಾರಾ?

ಉದ್ದ ತೋಳಿನ ಸ್ವೆಟರ್

ಇಬ್ಬರು ಇದ್ದಾರೆ. ಒಂದು ಬಿಟ್ಟಿದ್ದು ನಾನೇ.

ಗಂಗೋತ್ರಿ ಹಳಬ

ಹಾಗಾದರೆ ನಿನಗೇ ಗೊತ್ತು. ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಯಾರಾದರೂ ಅದನ್ನು ನೆನಪಿಸಿದರೆ ನಿನ್ನ ಕೈ ಹೇಗಿರುತ್ತೆ ಅಂತ ಯೋಚನೆ ಮಾಡು.

ಕ್ಯಾಚ್ ಬೀಳುತ್ತೆ. 30 ಓವರಲ್ಲಿ ಒಂದಾದರೂ ಬೀಳುತ್ತೆ. ಬಿದ್ದ ಮೇಲೆ ಆ ಹತ್ತು ಸೆಕೆಂಡ್ ಏನಾಗಬೇಕು ಅಂತ ಹೇಳು. ಸಾಮಾನ್ಯವಾಗಿ ಏನಾಗುತ್ತೆ? ಬೌಲರ್ ಸೊಂಟದ ಮೇಲೆ ಕೈ ಇಟ್ಟು ನಿಲ್ತಾನೆ, ಸ್ಲಿಪ್ಪಿನವನು ಆಕಾಶ ನೋಡ್ತಾನೆ, ನಾಲ್ಕು ಜನ ನಾಲ್ಕು ಮಾತಾಡ್ತಾರೆ. ಬಿಟ್ಟವನಿಗೆ ಎಲ್ಲವೂ ಬೈಗುಳದ ಥರವೇ ಕೇಳುತ್ತೆ. ಅದಕ್ಕೆ ಒಬ್ಬನೇ ಮಾತಾಡಬೇಕು ಅಂತ ಮೊದಲೇ ಗೊತ್ತು ಮಾಡು. ಕೀಪರ್ ಆದರೆ ಒಳ್ಳೆಯದು, ಎಲ್ಲರೂ ಹೇಗಿದ್ದರೂ ಆ ಕಡೆಗೇ ಮುಖ ಮಾಡಿರ್ತಾರೆ.

ನಾನಾಗಿದ್ದರೆ ಹೀಗೆ ಹೇಳ್ತಿದ್ದೆ:

"ಬೌಲಿಂಗ್ ನಮ್ಮದು. ಮೊದಲ ಆರು ಓವರ್ ಆಫ್ ಸ್ಟಂಪ್ ಮೇಲೆ, ಮುಂದೆ ಹಾಕಿ, ಅವರು ಮುಂದೆ ಬಂದು ಆಡಲಿ. ಕ್ಯಾಚ್ ಬಿದ್ದರೆ ಕೀಪರ್ ಒಬ್ಬನೇ ಮಾತಾಡ್ತಾನೆ, ಮಿಕ್ಕವರು ನಿಮ್ಮ ನಿಮ್ಮ ಜಾಗಕ್ಕೆ ಹೋಗಿ. ಓವರ್ ಮುಗಿದಾಗೆಲ್ಲ ಒಂದು ಸಲ ನನ್ನ ಕಡೆ ನೋಡಿ. ಬನ್ನಿ."

ಮೆಲ್ಲಗೆ ಹೇಳಿದರೂ ಅರ್ಧ ನಿಮಿಷ ಆಗಲ್ಲ. ಮೂರೇ ವಿಷಯ, ಮೂರೂ ಕೈಕಾಲಲ್ಲಿ ಮಾಡುವಂಥದ್ದು. ಯಾರು ಎಲ್ಲಿ ನಿಲ್ಲಬೇಕು, ಯಾರು ಎಷ್ಟನೇ ಓವರ್ ಹಾಕ್ತಾರೆ, ಎದುರಿನ ಓಪನರ್ ಎಲ್ಲಿ ಹೊಡೀತಾನೆ, ಇದೆಲ್ಲ ಶನಿವಾರ ಸಂಜೆಯೇ ಮುಗಿದಿರಬೇಕು. ಬೆಳಿಗ್ಗೆ ಹೊಸದು ಏನೂ ಹೇಳಬೇಡ.

ರೇಡಿಯೋ ರಾಯರು

ಕಾಲೇಜಿನ ಹೆಸರನ್ನಾದರೂ ಒಂದು ಸಲ ಹೇಳಬೇಡವೇ? ಇದು ಅಡುಗೆ ಭಟ್ಟರಿಗೆ ಹೇಳಿದ ಹಾಗಿದೆ, ಅಕ್ಕಿ ಇಷ್ಟು, ಬೇಳೆ ಇಷ್ಟು.

ಕಬಡ್ಡಿ ಅಕ್ಕ

ರಾಯರೇ ಮದುವೆ ಮನೆಯಲ್ಲಿ ಭಟ್ಟರಿಗೆ ವಂಶದ ಮರ್ಯಾದೆ ನಿಮ್ಮ ಕೈಯಲ್ಲಿದೆ ಅಂದ್ರೆ ಸಾರಿಗೆ ಉಪ್ಪು ಜಾಸ್ತಿಯಾಗುತ್ತೆ 😄

ಚಿಗುರು ಮೀಸೆ

ಧೋನಿ 2013ರಲ್ಲಿ ಹೇಳಿದ್ದು ನೆನಪಿಲ್ವಾ? ದೇವರು ಬಂದು ಕಾಪಾಡಲ್ಲ ಅಂತ. ಅದು ಸಖತ್ ಜೋಶ್ ಅಲ್ವಾ?

ಗಂಗೋತ್ರಿ ಹಳಬ

ಆ ಮ್ಯಾಚನ್ನು ಬಿಡಿಸಿ ನೋಡು. ಬರ್ಮಿಂಗ್‌ಹ್ಯಾಮ್, ಚಾಂಪಿಯನ್ಸ್ ಟ್ರೋಫಿ ಫೈನಲ್, ಮಳೆಯಿಂದ 20 ಓವರಿಗೆ ಇಳಿದಿತ್ತು. ನಾವು 129. ಆಕಾಶದಲ್ಲಿ ಇನ್ನೂ ಮೋಡ. ಹುಡುಗರು ಮೇಲೆ ನೋಡ್ತಾ ಮಳೆ ಬರಲಿ ಅಂತ ಕಾಯೋ ಪರಿಸ್ಥಿತಿ. ಅದಕ್ಕೆ ಅವರು ಹೇಳಿದ್ದು ಅದು, ಮೇಲೆ ನೋಡಬೇಡಿ, ಅವರು ಆ 130ಕ್ಕೆ ಒದ್ದಾಡುವ ಹಾಗೆ ಮಾಡೋಣ ಅನ್ನುವ ಅರ್ಥದಲ್ಲಿ. ಕೇಳೋಕೆ ಡೈಲಾಗ್ ಥರ ಇದೆ, ಮಾಡಿದ ಕೆಲಸ ಮಾತ್ರ ಹುಡುಗರ ಕಣ್ಣನ್ನು ಆಕಾಶದಿಂದ ಕೆಳಗೆ ಇಳಿಸಿದ್ದು. ಮತ್ತೆ ಗಮನಿಸು, ಅದೂ ಇನಿಂಗ್ಸ್ ಮಧ್ಯದ ಮಾತೇ.

ಗೆದ್ದಿದ್ದು ಮಾತಿಂದಲೂ ಅಲ್ಲ. ಇಂಗ್ಲೆಂಡಿಗೆ 18 ಬಾಲಲ್ಲಿ 28 ಬೇಕಿತ್ತು, ಅವತ್ತು ಹೊಡೆಸಿಕೊಂಡಿದ್ದ ಇಶಾಂತ್ ಕೈಗೆ ಚೆಂಡು ಕೊಟ್ಟರು. ಅದೇ ಓವರಲ್ಲಿ ಮಾರ್ಗನ್, ಬೊಪಾರಾ ಬೆನ್ನುಬೆನ್ನಿಗೆ ಔಟ್. 5 ರನ್‌ನಲ್ಲಿ ಗೆದ್ವಿ. @ಸ್ವೆಟರ್, ಇನಿಂಗ್ಸ್ ಮಧ್ಯದ ಮಾತನ್ನೂ ಯೋಚನೆ ಮಾಡಿಟ್ಟುಕೋ. ಎಲ್ಲರೂ ಬೆಳಿಗ್ಗೆದನ್ನು ಮಾತ್ರ ತಯಾರಿ ಮಾಡ್ತಾರೆ.

ಪಾಯಿಂಟ್ ಫೀಲ್ಡರ್

ಇಶಾಂತ್‌ಗೆ ಆ ಓವರ್ ಕೊಟ್ಟಿದ್ದು ಲಕ್ಕು ಅಂತ ಈಗಲೂ ವಾದ ಮಾಡ್ತೀನಿ. ಆ ಓವರಲ್ಲಿ ಮೊದಲು ಸಿಕ್ಸ್ ಹೋಗಿತ್ತು, ಎರಡು ವೈಡ್ ಬೇರೆ.

ಗಂಗೋತ್ರಿ ಹಳಬ

ಅದಕ್ಕೆ ಬೇರೆ ಥ್ರೆಡ್ ಶುರು ಮಾಡು, ಬರ್ತೀನಿ. ಲಕ್ಕಿನ ಮಾತು ಬಂದರೆ ನನಗೆ 2010ರ ಜನವರಿ ನೆನಪಾಗುತ್ತೆ, ಇದೇ ಗಂಗೋತ್ರಿ ಗ್ರೌಂಡಲ್ಲಿ ರಣಜಿ ಫೈನಲ್. ಮುಂಬೈ ಕೊಟ್ಟ 338ರ ಗುರಿ, ಮನೀಶ್ ಪಾಂಡೆ 144, ಆದರೂ 6 ರನ್‌ನಿಂದ ಸೋಲು.

ರೇಡಿಯೋ ರಾಯರು

ಅಯ್ಯೋ ಅದನ್ನು ನೆನಪಿಸಬೇಡಿ ಮಾರಾಯ್ರೇ.

ಉದ್ದ ತೋಳಿನ ಸ್ವೆಟರ್

ಸೋಮವಾರ ಬೆಳಿಗ್ಗೆ. ನಿದ್ದೆ ಬಂದಿಲ್ಲ, ಅದಕ್ಕೆ ಬರೀತಿದ್ದೀನಿ.

ಸೋತ್ವಿ. 7 ರನ್.

ಟಾಸ್ ಸೋತೆ, ಅವರು ಬ್ಯಾಟಿಂಗ್ ತಗೊಂಡರು. ಹಳಬ ಸರ್ ಬರೆದುಕೊಟ್ಟಿದ್ದನ್ನೇ ಸ್ವಲ್ಪ ನಮ್ಮ ಭಾಷೆಗೆ ಹೊಂದಿಸಿಕೊಂಡು ಹೇಳಿದೆ. ಮೊದಲ ಆರು ಓವರಿಗೆ 22, ಒಂದು ವಿಕೆಟ್. ನಾಲ್ಕನೇ ಓವರಲ್ಲಿ ಮಿಡ್ ಆಫಲ್ಲಿ ಕ್ಯಾಚ್ ಬಿತ್ತು, ಹೋದ ವರ್ಷ ಬಿಟ್ಟ ಹುಡುಗನೇ. ಯಾರೂ ಏನೂ ಅನ್ನಲಿಲ್ಲ. ಕೀಪರ್ "ಹತ್ತು ಹೆಜ್ಜೆ ಹಿಂದೆ ನಿಂತ್ಕೋ ಮಗಾ" ಅಂತ ಕೂಗಿದ, ಅಷ್ಟೆ. ಅದೇ ಹುಡುಗ ಹದಿನೆಂಟನೇ ಓವರಲ್ಲಿ ಒಂದು ರನೌಟ್ ಮಾಡಿದ. ಅವರು 171ಕ್ಕೆ 8.

ಎಡವಟ್ಟಾಗಿದ್ದು ಮಧ್ಯದಲ್ಲಿ. ಹಳಬ ಸರ್ ಹೇಳಿದ್ದರು, ನಾನು ಏನೂ ತಯಾರಿ ಮಾಡಿಕೊಂಡಿರಲಿಲ್ಲ. ಪಿ.ಇ. ಸರ್ ಬಂದರು, ಇನ್ನಿಬ್ಬರು ಸೀನಿಯರ್ಸ್ ಬಂದರು, ಅವರ ಲೆಗ್ ಸ್ಪಿನ್ನರ್‌ಗೆ ಎಡಗೈ ಬ್ಯಾಟ್ಸ್‌ಮನ್ ಬೇಕು ಅಂತ ಶುರುವಾಯ್ತು. ಊಟದ ತಟ್ಟೆ ಕೈಯಲ್ಲಿ ಹಿಡ್ಕೊಂಡೇ ಆರ್ಡರ್ ಬದಲಾಯಿಸಿದೆ, ಆರನೇ ನಂಬರ್ ಹುಡುಗನನ್ನು ನಾಲ್ಕಕ್ಕೆ ಅಂದೆ. ಆದರೆ ಅದನ್ನು ಅವನಿಗೇ ಸರಿಯಾಗಿ ಹೇಳಿಲ್ಲ. 88ಕ್ಕೆ 1 ಇದ್ವಿ. ಎರಡನೇ ವಿಕೆಟ್ ಬಿದ್ದಾಗ ಅವನು ಮರದ ಕೆಳಗೆ ಚಪ್ಪಲಿಯಲ್ಲಿ ಕೂತಿದ್ದ. ಓಡಿಬಂದು ಪ್ಯಾಡ್ ಕಟ್ಟಿಕೊಂಡು, ಥೈ ಪ್ಯಾಡ್ ಇಲ್ಲದೆ, ಏದುಸಿರು ಬಿಡ್ತಾ ಹೋದ. ಎರಡನೇ ಬಾಲ್ ಬೌಲ್ಡ್. ಅವನಿಗಾಗಿ ಕಾಯ್ತಿದ್ದ ಐದನೆಯವನೂ ಗಡಿಬಿಡಿಯಲ್ಲಿ ಹೋಗಿ ರನೌಟ್. 164 ಆಲೌಟ್.

ಚಿಗುರು ಮೀಸೆ

ಛೇ. ಬೇಜಾರು ಮಾಡ್ಕೋಬೇಡ ಗುರು.

ಪಾಯಿಂಟ್ ಫೀಲ್ಡರ್

ನಾನು ಹೇಳಿದೆ ಅಂತ ಅಲ್ಲ, ಆದರೆ ಚೇಸಿಂಗ್ ಮಾಡುವಾಗ ಸ್ವಲ್ಪ ಜೋಶ್ ತುಂಬಿದ್ದರೆ 7 ರನ್ ಬರ್ತಿರಲಿಲ್ವಾ?

ಗಂಗೋತ್ರಿ ಹಳಬ

ಜೋಶ್ ತುಂಬಿದರೆ ಥೈ ಪ್ಯಾಡ್ ತಾನಾಗೇ ಬಂದು ಕಟ್ಟಿಕೊಳ್ಳುತ್ತಾ? ಹೊಸ ಬ್ಯಾಟ್ಸ್‌ಮನ್‌ಗೆ ಮೂರೇ ನಿಮಿಷ ಇರೋದು. ಅದಕ್ಕೇ ಯಾವಾಗಲೂ ಇಬ್ಬರು ಪ್ಯಾಡ್ ಕಟ್ಟಿ ಕೂತಿರಬೇಕು.

@ಸ್ವೆಟರ್, ಎಡಗೈಯವನನ್ನು ಕಳಿಸಿದ್ದು ತಪ್ಪು ಅಂತ ನಾನು ಹೇಳಲ್ಲ. ಲೆಗ್ ಸ್ಪಿನ್ನಿಗೆ ಅದು ಸರಿಯಾದ ಲೆಕ್ಕವೇ. ಶನಿವಾರ ಸಂಜೆ ಅವನಿಗೆ "ಲೆಗ್ ಸ್ಪಿನ್ನರ್ ಬಂದರೆ ನೀನು ನಾಲ್ಕಕ್ಕೆ" ಅಂತ ಹೇಳಿದ್ದರೆ ಅವನು ಚಪ್ಪಲಿಯಲ್ಲಿ ಇರ್ತಿರಲಿಲ್ಲ.

ಹನ್ನೆರಡನೆಯವನು

ಬಿಟ್ಟ ನಾಲ್ಕು ಜನ ಹೇಗಿದ್ದರು?

ಉದ್ದ ತೋಳಿನ ಸ್ವೆಟರ್

ಇಬ್ಬರು ಚೆನ್ನಾಗಿದ್ದರು, ನೀರು ತಂದು, ಸ್ಕೋರ್ ಬರೆದು ಎಲ್ಲ ಮಾಡಿದರು. ಒಬ್ಬ ಬರಲೇ ಇಲ್ಲ. ಒಬ್ಬ ಇನ್ನೂ ನನ್ನ ಹತ್ರ ಮಾತು ಬಿಟ್ಟಿದ್ದಾನೆ.

ಹನ್ನೆರಡನೆಯವನು

ಮಾತು ಬಿಟ್ಟವನಿಗೆ ಒಂದು ವಾರ ಕೊಡಿ. ಬರದೇ ಇದ್ದವನ ಮನೆಗೆ ನೀವೇ ಹೋಗಿ.

ರೇಡಿಯೋ ರಾಯರು

ತಮ್ಮಾ, ಒಂದು ಕೇಳ್ತೀನಿ. ನೀನು ಬೆಳಿಗ್ಗೆ ಹೇಳಿದ್ದು ಹುಡುಗರಿಗೆ ನೆನಪಿದೆಯಾ?

ಉದ್ದ ತೋಳಿನ ಸ್ವೆಟರ್

ರಾತ್ರಿ ಹಾಸ್ಟೆಲ್ಲಲ್ಲಿ ಅದನ್ನೇ ಕೇಳಿದೆ ರಾಯರೇ. ಒಬ್ಬ "ಕ್ಯಾಚ್ ಬಿಡಬೇಡಿ ಅಂದೆ" ಅಂದ, ನಾನು ಹಾಗೆ ಹೇಳೇ ಇಲ್ಲ. ಓಪನಿಂಗ್ ಬೌಲರ್‌ಗೆ ಆಫ್ ಸ್ಟಂಪ್ ಅಂದಿದ್ದು ಮಾತ್ರ ನೆನಪಿದೆ. ಇನ್ನೊಬ್ಬ, ನೀನು ಕಾಲೇಜಿನ ಹೆಸರು ಹೇಳಿದಾಗ ಮೈ ಜುಮ್ ಅಂತು ಅಂದ. ಕೀಪರ್‌ಗೆ ಏನೂ ಕೇಳಿಸಿಲ್ವಂತೆ, ಪ್ರೈಜ್ ಕೊಡುವ ಕಾರ್ಯಕ್ರಮಕ್ಕೆ ಅಂತ ಪಕ್ಕದಲ್ಲೇ ಮೈಕ್ ಟೆಸ್ಟಿಂಗ್ ನಡೀತಿತ್ತು. ಕ್ಯಾಚ್ ಬಿದ್ದಾಗ ಯಾರೂ ಮಾತಾಡಲಿಲ್ಲ ಅಂತ ಸುಮ್ನೆ ತಾನೇ ಕೂಗಿದನಂತೆ.